ಅಂಟಿಸದೆ ಉಳಿದ ಎರಡನೇ ಹಾಳೆ

ಮಾಚೇನಹಳ್ಳಿಯ ಒಂದು ಗಾರ್ಮೆಂಟ್ಸಿನ ಕೂಸಿನ ಮನೆಯಲ್ಲಿ ಹನ್ನೊಂದು ವರ್ಷ ಮಕ್ಕಳನ್ನು ನೋಡಿಕೊಂಡೆ. ಹೊಲಿಯುವ ಹೆಂಗಸರು ಬೆಳಿಗ್ಗೆ ಕೂಸುಗಳನ್ನು ನನ್ನ ಕೈಗೆ ಕೊಟ್ಟು ಮೆಷಿನ್ನಿಗೆ ಹೋಗುವರು. ಸಂಜೆ ಬಂದು ಎತ್ತಿಕೊಂಡು ಹೋಗುವರು. ನಡುವೆ ಹೇಲು, ಉಚ್ಚೆ, ಅಳು, ಗಂಜಿ, ನಿದ್ದೆ. ನನಗೆ ಅಲ್ಲಿ ಹೆಸರಿರಲಿಲ್ಲ. ಹಾಜರಿ ಪುಸ್ತಕದಲ್ಲಿ ‘ಆಯಾ’ ಅಂತಿತ್ತು. ಸಾಹೇಬರುಗಳು ‘ಏ ಆಯಾ’ ಅನ್ನುವರು. ಹುಡುಗಿಯರು ಅಜ್ಜಿ ಅನ್ನುವರು.

ನಾನು ಕಲಿತದ್ದು ಮೂರನೇ ಕ್ಲಾಸು. ಕೂಡಿಸಿಕೊಂಡು ಓದುತ್ತೇನೆ, ಒತ್ತಕ್ಷರ ಬಂದರೆ ನಿಲ್ಲುತ್ತೇನೆ. ಬರೆಯುವುದು ಅದಕ್ಕಿಂತ ನಿಧಾನ. ಇದನ್ನು ಬರೆಯಲು ಎಷ್ಟು ದಿನ ಹಿಡಿಯಿತು ಅಂತ ಹೇಳುವುದಿಲ್ಲ. ಯಾರ ಹೆಸರನ್ನೂ ಬರೆದಿಲ್ಲ. ಹುಡುಗಿಯೊಬ್ಬಳು ಕೊಟ್ಟ ದೂರಿನ ವಿಷಯ ಇದು. ಇಂಥ ದೂರಿನಲ್ಲಿ ಹೆಸರು ಹೊರಗೆ ಹಾಕಬಾರದು ಅಂತ ಕಾನೂನಿದೆ. ನಡೆದದ್ದು ಏನು ಅಂತ ಆ ಹುಡುಗಿ ಹೇಳಿದ ಮಾತುಗಳನ್ನೂ ಇಲ್ಲಿ ಬರೆಯುವುದಿಲ್ಲ. ಅವು ಅವಳವು. ನಾನು ಬರೆಯುವುದು ನಾವು ಮಾಡಿದ್ದನ್ನು.

ಒಂದು ಸಲ ಬಟ್ಟೆ ಕೊಳ್ಳುವ ಹೊರದೇಶದ ಕಂಪನಿಯವರು ತಪಾಸಣೆಗೆ ಬರುತ್ತಾರೆ ಅಂತ ಸುದ್ದಿಯಾಯಿತು. ನೆಲ ತಿಕ್ಕಿಸಿದರು, ಬೆಂಕಿ ಆರಿಸುವ ಕೆಂಪು ಸಿಲಿಂಡರಿಗೆ ಬಣ್ಣ ಹೊಡೆಸಿದರು. ಈ ಸಲ ಇನ್ನೊಂದು ಹೊಸದು. ಫ್ಯಾಕ್ಟರಿಯ ನಿಯಮದ ಪುಸ್ತಕದಲ್ಲಿ ಗಂಡು ಹೆಣ್ಣು ಅಂತ ಭೇದ ತೋರಿಸುವ ಪದಗಳು ಇರಬಾರದಂತೆ. ಅದಕ್ಕೆ ಶಿವಮೊಗ್ಗದ ವಿನೋಬನಗರದಿಂದ ಒಬ್ಬ ಮೇಡಂ ಬಂದರು. ಮಧ್ಯವಯಸ್ಸು, ಹತ್ತಿ ಸೀರೆ, ಹೆಗಲಿಗೆ ಜೋಳಿಗೆ. ಕಾಲೇಜಿನಲ್ಲಿ ಪಾಠ ಮಾಡುವವರು. ಹುಡುಗಿಯರು ಅವರಿಗೆ ‘ಪದದ ಮೇಡಂ’ ಅಂತ ಹೆಸರಿಟ್ಟರು.

ಊಟದ ಹಾಲಿನಲ್ಲಿ ನಮ್ಮನ್ನು ಕೂರಿಸಿದರು. ಮೇಡಂ ಬೋರ್ಡಿನ ಮೇಲೆ ಎರಡು ಸಾಲು ಬರೆದರು. ಎಡಕ್ಕೆ ಹಳೇ ಪದ, ಬಲಕ್ಕೆ ಹೊಸ ಪದ. ಚೇರ್ಮನ್ ಅನ್ನುವ ಕಡೆ ಚೇರ್ಪರ್ಸನ್, ಕನ್ನಡದಲ್ಲಿ ಅಧ್ಯಕ್ಷರು. ವಾಚ್‌ಮನ್ ಬದಲು ಕಾವಲು ಸಿಬ್ಬಂದಿ. ಫೋರ್‌ಮನ್ ಬದಲು ಮೇಲ್ವಿಚಾರಕರು. ಹೆಣ್ಣಾಳು ಬದಲು ಕಾರ್ಮಿಕರು. ಮಹಿಳಾ ಸಿಬ್ಬಂದಿ ಬದಲು ಬರೀ ಸಿಬ್ಬಂದಿ. ಆಯಾ ಬದಲು ಶಿಶುಪಾಲನಾ ಸಿಬ್ಬಂದಿ.

“ಯಾಕೆ ಬದಲಾಯಿಸ್ಬೇಕು ಹೇಳಿ?” ಅಂತ ಕೇಳಿದರು.

ಕಟಿಂಗಿನಲ್ಲಿದ್ದ ಒಬ್ಬಳು ಹಿಂದಿನಿಂದ ಅಂದಳು: “ಫಾರಿನ್ನೋರು ಬರ್ತಾರಲ್ಲ ಮೇಡಂ, ಅದಕ್ಕೆ.”

ಎಲ್ಲರೂ ನಕ್ಕರು. ಮೇಡಮ್ಮೂ ನಕ್ಕರು. ಆಮೇಲೆ ಹೇಳಿದರು: “ಫೋರ್‌ಮನ್ ಬೇಕಾಗಿದ್ದಾನೆ ಅಂತ ನೋಟಿಸ್ ಬೋರ್ಡಲ್ಲಿ ಹಾಕಿದ್ರೆ ನಿಮ್ಮಲ್ಲಿ ಯಾರಾದ್ರೂ ಅರ್ಜಿ ಹಾಕ್ತೀರಾ?”

“ಇಲ್ಲ.”

“ಯಾಕೆ? ಹತ್ತು ವರ್ಷದಿಂದ ಹೊಲೀತಿದೀರಿ. ಕೆಲಸ ಗೊತ್ತಿಲ್ವಾ?”

ಆ ಮಾತು ನನಗೆ ನಾಟಿತು. ಸುಳ್ಳಲ್ಲ ಅದು. ಆ ಪದ ಬದಲಾದ ಮೇಲೆ ಎರಡನೇ ಲೈನಿನ ಒಬ್ಬ ಹೆಂಗಸು ಅರ್ಜಿ ಹಾಕಿದಳು, ಮೇಲ್ವಿಚಾರಕಿಯೂ ಆದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದನ್ನು ಓದಿ, ಹೊಸ ಪದಗಳೆಲ್ಲ ಕೆಟ್ಟವು ಅಂತ ಮುದುಕಿ ಹೇಳುತ್ತಿದ್ದಾಳೆ ಅಂದುಕೊಳ್ಳಬೇಡಿ.

ನನ್ನನ್ನೇ ತೆಗೆದುಕೊಳ್ಳಿ. ಮೇಡಂ ಬಂದುಹೋದ ಮೇಲೆ ಹೊಸ ಗುರುತಿನ ಚೀಟಿ ಕೊಟ್ಟರು. ‘ಶಿಶುಪಾಲನಾ ಸಿಬ್ಬಂದಿ’ ಅಂತ ಅಚ್ಚಾಗಿತ್ತು. ಬಸ್ಸಿನಲ್ಲಿ ಭದ್ರಾವತಿಗೆ ಹೋಗುವಾಗ ಅದನ್ನು ಸೆರಗಿನ ಮೇಲೆ ಕಾಣುವ ಹಾಗೆ ಹಾಕಿಕೊಂಡು ಕೂತೆ. ಸಿಬ್ಬಂದಿ. ಮ್ಯಾನೇಜರೂ ಸಿಬ್ಬಂದಿ, ನಾನೂ ಸಿಬ್ಬಂದಿ. ಕೆಲಸ ಅದೇ ಹೇಲು ಬಳಿಯುವುದು, ಆದರೂ ಹೆಮ್ಮೆ ಆಯಿತು. ಆ ಹೆಮ್ಮೆಯೇ ಮುಂದೆ ನನ್ನ ಬಾಯಿ ಮುಚ್ಚಿಸಿತು.

ಮೇಡಂ ಪದಗಳ ಪಟ್ಟಿಯನ್ನು ಎರಡು ಹಾಳೆಯಲ್ಲಿ ಕೊಟ್ಟಿದ್ದರು. ಇದು ನನಗೆ ಬಹಳ ತಡವಾಗಿ ಗೊತ್ತಾಯಿತು. ನಾವು ನೋಡಿದ್ದು ಒಂದೇ ಹಾಳೆ. ಹಾಜರಿಯ ಪಂಚಿಂಗ್ ಮೆಷಿನ್ನಿನ ಪಕ್ಕದ ಗೋಡೆಗೆ ಅದನ್ನು ಅಂಟಿಸಿ, ಅದರ ಮುಂದೆ ನಾಲ್ಕು ಜನರನ್ನು ನಿಲ್ಲಿಸಿ ಫೋಟೋ ತೆಗೆದು ಕಂಪನಿಗೆ ಕಳಿಸಿದರು. ಆಫೀಸಿನ ಗುಮಾಸ್ತರು ನಿಯಮದ ಪುಸ್ತಕವನ್ನು ಕಂಪ್ಯೂಟರಿನಲ್ಲಿ ತೆರೆದು, ಎಡಗಡೆಯ ಪದ ಸಿಕ್ಕ ಕಡೆಯಲ್ಲೆಲ್ಲ ಬಲಗಡೆಯ ಪದ ಬರುವಂತೆ ಮಾಡಿದರು. ಒಂದೊಂದನ್ನೇ ಓದಿ ಮಾಡಿದ್ದಲ್ಲ. ಒಂದು ಗುಂಡಿ ಒತ್ತಿದರೆ ಪುಸ್ತಕ ಪೂರ್ತಿ ಬದಲಾಗುತ್ತದಂತೆ. ‘ಮಹಿಳಾ ಸಿಬ್ಬಂದಿ’ ಅಂತಿದ್ದದ್ದೆಲ್ಲ ‘ಸಿಬ್ಬಂದಿ’ ಆಯಿತು.

ಪುಸ್ತಕ ಅಚ್ಚಾಗಿ ಬಂದಾಗ ಒಂದು ವಾರ ಅದೇ ನಗೆಚಾಟಿಕೆ. ಬಾಣಂತನದ ರಜೆ ‘ಸಿಬ್ಬಂದಿಗೆ’ ಅಂತ ಬಿದ್ದಿತ್ತು. ಇಸ್ತ್ರಿ ಮಾಡುವವನು ಹೊಟ್ಟೆ ಮುಂದೆ ಮಾಡಿಕೊಂಡು ಕೂಸಿನ ಮನೆಯ ಬಾಗಿಲಿಗೆ ಬಂದ.

“ಅಜ್ಜಿ, ನಂಗೂ ಆರು ತಿಂಗ್ಳು ರಜಾ ಅಂತೆ. ಹೆತ್ಮೇಲೆ ನಿಮ್ಮ ಹತ್ರನೇ ಬಿಡ್ತೀನಿ.”

“ಮೊದ್ಲು ನೀನು ಹೆರು ಮಾರಾಯ, ಆಮೇಲೆ ನೋಡೋಣ” ಅಂದೆ.

ನಕ್ಕೆವು. ಗುಮಾಸ್ತರು ರಜೆಯ ಆ ಒಂದು ಸಾಲನ್ನು ಮತ್ತೆ ತಿದ್ದಿದರು. ಬೇರೆ ಎಲ್ಲೆಲ್ಲಿ ಹಾಗಾಗಿದೆ ಅಂತ ಯಾರೂ ನೋಡಲಿಲ್ಲ. ನಗು ಬಂದ ಕಡೆ ಮಾತ್ರ ತಿದ್ದಿದರು.

ನಾನು ಫ್ಯಾಕ್ಟರಿಯ ದೂರು ಸಮಿತಿಯಲ್ಲಿದ್ದೆ. ಹೆಂಗಸರಿಗೆ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳವಾದರೆ ವಿಚಾರಿಸುವ ಸಮಿತಿ ಅದು. ಪ್ರತಿ ಫ್ಯಾಕ್ಟರಿಯಲ್ಲೂ ಇರಲೇಬೇಕು. ಹುಡುಗಿಯರು ಕೂಸು ಬಿಡಲು ಬಂದಾಗ ನನ್ನ ಹತ್ತಿರ ಎಲ್ಲ ಹೇಳಿಕೊಳ್ಳುತ್ತಾರೆ ಅಂತ ಸೇರಿಸಿಕೊಂಡಿದ್ದರು. ಈ ಮುದುಕಿಗೆ ಓದಲು ಬರುವುದಿಲ್ಲ, ಹೇಳಿದ ಕಡೆ ಸಹಿ ಹಾಕುತ್ತಾಳೆ ಅನ್ನುವುದೂ ಇರಬಹುದು. ಹಾಗೆಯೇ ಆಯಿತಲ್ಲ. ಹೊಸ ಪುಸ್ತಕದ ಪ್ರತಿ ಹಾಳೆಯ ಕೆಳಗೂ ಸಮಿತಿಯವರು ಸಹಿ ಹಾಕಬೇಕಿತ್ತು. ನಾನೂ ಹಾಕಿದೆ. ಕೂಸೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಾಕಿದೆ, ಒಂದು ಸಾಲೂ ಓದಲಿಲ್ಲ.

ಅದಾಗಿ ಮಳೆಗಾಲ ಕಳೆಯಿತು. ಆ ಹುಡುಗಿಯ ವಿಷಯ ಬಂತು.

ಭದ್ರಾವತಿಯವಳು, ನಾನು ಹತ್ತುವ ಸ್ಟಾಪಿನಲ್ಲೇ ಬಸ್ಸು ಹತ್ತುವವಳು. ಮನೆಯಲ್ಲಿ ತಮಿಳು, ಹೊರಗೆ ಕನ್ನಡ. ಇಪ್ಪತ್ತೆರಡು ವಯಸ್ಸು. ಮದುವೆಯಾಗಿರಲಿಲ್ಲ. ಕಾಲರ್ ಹೊಲಿಯುವುದರಲ್ಲಿ ಅವಳ ಕೈಗೆ ಸಮ ಯಾರೂ ಇರಲಿಲ್ಲ. ಮಾತು ಜಾಸ್ತಿ. ಡ್ರೈವರನಿಗೂ ತಮಾಷೆ ಮಾಡುವಳು. ಒಂದು ತಿಂಗಳಿಂದ ಮಾತು ನಿಂತಿತ್ತು. ನಾನು ಕೇಳಿರಲಿಲ್ಲ. ಒಂದು ದಿನ ಊಟದ ಹೊತ್ತಿಗೆ ಕೂಸಿನ ಮನೆಗೆ ಬಂದು, ಮೂಲೆಯಲ್ಲಿ ಮಕ್ಕಳ ಚಾಪೆಯ ಮೇಲೆ ಕೂತಳು.

“ಅಜ್ಜಿ, ನೀವು ಆ ಕಮಿಟೀಲಿದೀರಲ್ಲ?”

“ಇದೀನಿ.”

“ಹೇಳಿದ್ರೆ ಏನಾಗತ್ತೆ?”

ಏನಾಗುತ್ತದೆ ಅಂತ ನನಗೂ ಸರಿಯಾಗಿ ಗೊತ್ತಿರಲಿಲ್ಲ. “ವಿಚಾರಣೆ ಆಗತ್ತೆ. ಹೇಳು” ಅಂದೆ. ಅವಳು ಹೇಳಿದಳು. ಹೊಲಿಯುವ ಫ್ಲೋರನ್ನು ನೋಡಿಕೊಳ್ಳುವ ಇನ್‌ಚಾರ್ಜ್ ಒಬ್ಬನಿದ್ದ, ಅವನು. ಬಟ್ಟೆಯ ಥಾನುಗಳನ್ನು ಇಡುವ ಕೋಣೆ. ಒಂದು ಸಲವಲ್ಲ. ಇಷ್ಟು ಸಾಕು.

ಅವಳೇ ಬರೆದಳು. ಅವಳ ಅಕ್ಷರ ದುಂಡಗಿತ್ತು. ಆರು ಪ್ರತಿ ಕೊಡಬೇಕು ಅಂದರು. ಜೆರಾಕ್ಸ್ ಮಾಡಿಸೋಣ ಅಂದರೆ, ಜೆರಾಕ್ಸ್ ಅಂಗಡಿಯವನು ಓದುತ್ತಾನೆ ಅಂತ ಹೆದರಿ ಆರು ಸಲವೂ ಕೈಯಲ್ಲೇ ಬರೆದಳು. ನನ್ನ ಮನೆಯ ಒರಳುಕಲ್ಲಿನ ಪಕ್ಕ ಕೂತು ಒಂದು ಭಾನುವಾರ ಪೂರ್ತಿ ಬರೆದಳು. ನಾಲ್ಕನೆಯದರ ಹೊತ್ತಿಗೆ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡು ಬಂದಳು. ಐದು, ಆರು ಬರೆದಳು.

ಸಮಿತಿಯ ತಲೆಯಾಗಿ ಮೊದಲಿಂದ ಕ್ವಾಲಿಟಿ ವಿಭಾಗದ ಮೇಡಂ ಇದ್ದರು. ಆ ಹೊತ್ತಿಗೆ ಅವರು ಹೆರಿಗೆಗೆ ಹೋಗಿದ್ದರು. ವಿಚಾರಣೆಯ ಮೊದಲ ದಿನ ನಾನು ಆಫೀಸಿನ ಕೋಣೆಗೆ ಹೋದರೆ, ನಡುವಿನ ಕುರ್ಚಿಯಲ್ಲಿ ಸ್ಟೋರ್ಸಿನ ಸಾಹೇಬರು ಕೂತಿದ್ದರು. ಪಕ್ಕದಲ್ಲಿ ಹೊರಗಿನ ಸದಸ್ಯರಾಗಿ ಒಬ್ಬ ರಿಟೈರ್ಡ್ ಹೆಡ್‌ಮಾಸ್ತರು. ಈ ಕಡೆ ನಾನು, ಮತ್ತೊಬ್ಬಳು ಹೊಲಿಯುವವಳು.

ನನಗೆ ನೆನಪಿತ್ತು. ಸಮಿತಿಗೆ ಸೇರಿದ ವರ್ಷ ಒಂದು ದಿನದ ತರಬೇತಿಯಲ್ಲಿ ಹೇಳಿದ್ದರು: ನಡುವಿನ ಕುರ್ಚಿಯಲ್ಲಿ ಹೆಂಗಸೇ ಇರಬೇಕು, ಅದೂ ದೊಡ್ಡ ಹುದ್ದೆಯವಳು. ಅದನ್ನು ಕೇಳಿ ಮರೆಯುವುದು ಹೇಗೆ? ಅಲ್ಲಿ ತನಕ ಯಾವ ಕುರ್ಚಿಯೂ ಹೆಂಗಸಿಗೇ ಅಂತ ನಾನು ಕೇಳಿರಲಿಲ್ಲ.

“ಸಾರ್, ಇಲ್ಲಿ ಅಮ್ಮಾವ್ರು ಯಾರಾದ್ರೂ ಕೂತ್ಕೋಬೇಕಲ್ವಾ?” ಅಂದೆ.

ಗುಮಾಸ್ತರು ಪುಸ್ತಕ ತೆಗೆದು ಬೆರಳಿಟ್ಟು ಓದಿದರು: ‘ಹಿರಿಯ ಹುದ್ದೆಯ ಸಿಬ್ಬಂದಿಯೊಬ್ಬರು ಸಮಿತಿಯ ಅಧ್ಯಕ್ಷರಾಗಿರತಕ್ಕದ್ದು.’ ಆಮೇಲೆ ನನ್ನ ಕಡೆ ತಿರುಗಿ, “ಈಗ ಗಂಡು ಹೆಣ್ಣು ಅಂತಿಲ್ಲ ಕಣಮ್ಮ. ಎಲ್ಲ ಒಂದೇ. ನೀನೇ ಸಹಿ ಹಾಕಿದೀಯ ನೋಡು” ಅಂದರು.

ಹಾಳೆಯ ಕೆಳಗೆ ನನ್ನ ಸೊಟ್ಟ ಸಹಿ ಇತ್ತು.

ಹೆಡ್‌ಮಾಸ್ತರು, “ಸರಿಯಾಗೇ ಇದೆಯಲ್ಲ, ಸಮಾನತೆ” ಅಂದರು. ನಾನು ಸುಮ್ಮನಾದೆ. ಪುಸ್ತಕದಲ್ಲಿ ಹಾಗಿಲ್ಲ ಅಂದ ಮೇಲೆ ನನ್ನ ನೆನಪೇ ತಪ್ಪಿರಬೇಕು ಅಂದುಕೊಂಡೆ. ಇನ್ನೊಂದೂ ಇತ್ತು, ಅದನ್ನೂ ಬರೆಯುತ್ತೇನೆ. ‘ನಿಂಗೇನು ಗೊತ್ತು ಆಯಾ’ ಅಂತ ಅವರು ಅಂದಿರಲಿಲ್ಲ. ಇನ್ನೆರಡು ಮಾತಾಡಿದರೆ ಅನ್ನುತ್ತಿದ್ದರು. ಸಿಬ್ಬಂದಿಯಾಗಿ ಬಂದು ಕೂತವಳಿಗೆ ಆ ಮಾತು ಕೇಳುವುದು ಬೇಡವಾಗಿತ್ತು.

ಸ್ಟೋರ್ಸಿನ ಸಾಹೇಬರು ಕೆಟ್ಟವರಲ್ಲ. ಅವರು ಕೆಟ್ಟವರಾಗಿದ್ದರೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು. ಹುಡುಗಿಗೆ ನೀರು ತರಿಸಿಕೊಟ್ಟರು. ಅವಳು ಮಾತಾಡುವಾಗ ತಲೆ ಎತ್ತದೆ ಪೆನ್ನಿನ ಕ್ಯಾಪನ್ನೇ ನೋಡುತ್ತಾ ಕೂತರು. ಆದರೂ ಅವರು ಗಂಡಸು, ಅದೇ ಫ್ಲೋರಿನ ದಾರಿಯಲ್ಲಿ ದಿನಾ ಓಡಾಡುವ ಗಂಡಸು. ಹುಡುಗಿ ನಡುವಿನ ಕುರ್ಚಿಗೆ ಹೇಳಬೇಕಾದ್ದನ್ನು ಬದಿಯ ಕುರ್ಚಿಗೆ ಹೇಳಿದಳು. ನನ್ನ ಮುಖ ನೋಡಿಕೊಂಡು, ನನಗೊಬ್ಬಳಿಗೇ ಹೇಳುವ ಹಾಗೆ ಹೇಳಿದಳು. ಎಲ್ಲಿ, ಯಾವ ಕೈ, ಎಷ್ಟು ಹೊತ್ತು, ಬಾಗಿಲು ಹೇಗಿತ್ತು ಅಂತ ಕೇಳಿದರು. ಕೇಳಲೇಬೇಕಂತೆ. ಎಲ್ಲಕ್ಕೂ ಉತ್ತರ ಕೊಟ್ಟಳು. ಇಡೀ ಬೆಳಿಗ್ಗೆ ಹಿಡಿಯಿತು. ಹೊರಗೆ ಬಂದ ಮೇಲೆ ನನ್ನ ರಟ್ಟೆ ಹಿಡಿದುಕೊಂಡು ಅಂದಳು:

“ಅಜ್ಜಿ, ಮುಗೀತಲ್ಲ? ಇನ್ನೊಂದ್ಸಲ ಹೇಳ್ಬೇಕಾಗಿಲ್ಲ ಅಲ್ವಾ?”

“ಮುಗೀತು ಕಣೆ” ಅಂದೆ. ಅವಳ ಬೆರಳಿನ ಗುರುತು ಸಂಜೆ ತನಕ ನನ್ನ ರಟ್ಟೆಯ ಮೇಲೆ ಇತ್ತು.

ಇಬ್ಬರು ಸಾಕ್ಷಿ ಹೇಳಿದರು. ಅವನೂ ಬಂದು ತನ್ನದು ಹೇಳಿದ. ತೊಂಬತ್ತು ದಿನದೊಳಗೆ ಮುಗಿಸಬೇಕು, ಮುಗಿಸಿದೆವು. ದೂರು ನಿಜ ಅಂತ ನಾಲ್ವರೂ ಬರೆದುಕೊಟ್ಟೆವು. ಅವನನ್ನು ಕೆಲಸದಿಂದ ತೆಗೆದರು. ಹುಡುಗಿ ಮತ್ತೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರತೊಡಗಿದಳು. ಒಂದು ದಿನ ಕಂಡಕ್ಟರನಿಗೆ ಏನೋ ತಮಾಷೆಯನ್ನೂ ಮಾಡಿದಳು. ಒಳ್ಳೆಯದಾಯಿತು ಅಂದುಕೊಂಡೆ.

ಅವನು ವಕೀಲರನ್ನು ಇಟ್ಟು ಕಾರ್ಮಿಕ ಇಲಾಖೆಯ ಅಧಿಕಾರಿಗೆ ಮೇಲ್ಮನವಿ ಹಾಕಿದ. ವರ್ಷದ ಮೇಲೆ ಅದರ ಆದೇಶ ಬಂತು. ಇಂಗ್ಲಿಷಿನಲ್ಲಿತ್ತು. ಆಫೀಸಿನಲ್ಲಿ ಹುಡುಗಿಯ ಕೈಗೆ ಒಂದು ಪ್ರತಿ ಕೊಟ್ಟು ಸಹಿ ಹಾಕಿಸಿಕೊಂಡರು, ಏನಿದೆ ಅಂತ ಬಿಡಿಸಿ ಹೇಳಲಿಲ್ಲ. ಓದಿ ಹೇಳುವವರು ನಮಗೆ ಯಾರಿದ್ದರು? ನನಗೆ ಗೊತ್ತಿದ್ದ, ಓದಿದ ಹೆಂಗಸು ಅಂದರೆ ಪದದ ಮೇಡಂ ಒಬ್ಬರೇ. ಇಬ್ಬರೂ ವಿನೋಬನಗರಕ್ಕೆ ಹೋದೆವು.

ಅವರ ಮನೆ ಒಂದು ಕ್ಲಿನಿಕ್ಕಿನ ಹಿಂದೆ. ನನ್ನ ಗುರುತು ಸಿಗಲಿಲ್ಲ ಅವರಿಗೆ. ಫ್ಯಾಕ್ಟರಿಯ ಹೆಸರು ಹೇಳಿದ ಮೇಲೆ ಕರೆದು ಕೂರಿಸಿದರು, ಕಾಫಿ ಕೊಟ್ಟರು. ಕನ್ನಡಕ ಹಾಕಿಕೊಂಡು ಆದೇಶ ಓದತೊಡಗಿದರು. ಎರಡನೇ ಪುಟದಲ್ಲಿ ನಿಂತರು. ಮತ್ತೆ ಮೊದಲಿನಿಂದ ಓದಿದರು.

“ವಿಚಾರಣೆ ರದ್ದು ಮಾಡಿದಾರೆ” ಅಂದರು.

ಹುಡುಗಿ ಕೇಳಿದಳು: “ನಾನು ಸುಳ್ಳು ಹೇಳ್ದೆ ಅಂತನಾ?”

“ಇಲ್ಲಮ್ಮ. ನೀನು ಹೇಳಿದ್ದು ಸುಳ್ಳೋ ನಿಜವೋ ಅನ್ನೋ ಕಡೆಗೆ ಹೋಗೇ ಇಲ್ಲ ಅವ್ರು. ಸಮಿತಿಗೆ ಹೆಂಗಸು ಅಧ್ಯಕ್ಷೆ ಇರಲಿಲ್ಲ. ಕಾನೂನಲ್ಲಿ ಹೆಂಗಸೇ ಇರಬೇಕು ಅಂತಿದೆ. ಹಾಗಾಗಿ ಅದು ಸಮಿತಿನೇ ಅಲ್ಲ. ಸರಿಯಾದ ಸಮಿತಿ ಮಾಡಿ ಮೊದಲಿಂದ ವಿಚಾರಣೆ ಮಾಡಿ ಅಂದಿದಾರೆ. ಅಲ್ಲೀವರೆಗೂ ಅವನನ್ನ ವಾಪಸ್ ತಗೋಬೇಕು.”

ನಾನು ಅಂದೆ: “ನಮ್ಮ ಪುಸ್ತಕದಲ್ಲಿ ಹೆಂಗಸು ಅಂತ ಇರ್ಲಿಲ್ಲವಲ್ಲ ಮೇಡಂ.”

“ನಿಮ್ಮ ಪುಸ್ತಕ ಏನು ಹೇಳಿದ್ರೂ ಕಾನೂನು ಬದಲಾಗಲ್ಲ. ಆದ್ರೆ ಪುಸ್ತಕದಿಂದ ಆ ಪದ ಯಾಕೆ ತೆಗೆದ್ರು?”

“ನೀವೇ ತೆಗೀರಿ ಅಂದ್ರಿ.”

ಅವರು ಎದ್ದು ಒಳಗೆ ಹೋಗಿ ಬೀರುವಿನಿಂದ ಒಂದು ಕಡತ ತಂದರು. ಅದರಲ್ಲಿ ಪದಗಳ ಪಟ್ಟಿ ಇತ್ತು. ಮೊದಲ ಹಾಳೆ ನನಗೆ ಗೊತ್ತಿತ್ತು, ಗೋಡೆಯ ಮೇಲಿದ್ದದ್ದು. ಅದರ ಹಿಂದೆ ಪಿನ್ನು ಹೊಡೆದು ಇನ್ನೊಂದು ಹಾಳೆ ಇತ್ತು. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಬದಲಿಸಬಾರದ ಕಡೆ’ ಅಂತ ಬರೆದಿತ್ತು. ನಾನು ಕೂಡಿಸಿಕೊಂಡು ಓದಿದೆ. ಮೇಡಂ ಸುಮ್ಮನೆ ಕಾದರು. ಎಲ್ಲರಿಗೂ ಸೇರಿದ ಹುದ್ದೆಗೆ, ಕೆಲಸಕ್ಕೆ, ಎಲ್ಲರೂ ಸೇರುವ ಪದ ಹಾಕಿ. ಆದರೆ ಹೆಂಗಸರಿಗಾಗಿಯೇ ಇಟ್ಟ ಹಕ್ಕು, ಕೋಣೆ, ರಜೆ, ಸ್ಥಾನ, ಇವುಗಳ ಜೊತೆಗಿರುವ ‘ಮಹಿಳೆ’ ಅನ್ನುವ ಪದವನ್ನು ಮುಟ್ಟಬೇಡಿ. ಮುಟ್ಟಿದರೆ ಹಕ್ಕೇ ಹೋಗುತ್ತದೆ. ಕೆಳಗೆ ನಾಲ್ಕು ಉದಾಹರಣೆ. ಮೂರನೆಯದೇ ದೂರು ಸಮಿತಿಯ ಅಧ್ಯಕ್ಷ ಸ್ಥಾನ.

“ಇದು ಗೋಡೆ ಮೇಲೆ ಇರ್ಲಿಲ್ಲ” ಅಂದೆ.

“ಕೊಟ್ಟಿದ್ದೆ. ಎರಡೂ ಸೇರಿಸಿ ಪಿನ್ ಹೊಡೆದು ಕೊಟ್ಟಿದ್ದೆ.”

“ಪಿನ್ ಕಿತ್ತು ಒಂದೇ ಅಂಟಿಸಿದಾರೆ. ಫೋಟೋಗೆ ಒಂದು ಸಾಕಾಗಿತ್ತು.”

“ಪುಸ್ತಕ ತಿದ್ದಿದ ಮೇಲೆ ನಂಗೆ ಒಂದ್ಸಲ ತೋರಿಸಿ ಅಂದಿದ್ದೆ. ಯಾರೂ ತರಲಿಲ್ಲ. ನಾನೂ ಕೇಳಲಿಲ್ಲ” ಅಂದರು. ಆಮೇಲೆ ಎರಡೂ ಹಾಳೆಯನ್ನು ಹುಡುಗಿಯ ಕಡೆ ಸರಿಸಿದರು.

ಹುಡುಗಿ ಎರಡು ಹಾಳೆಯನ್ನೂ ನೋಡಲಿಲ್ಲ. ಅವಳ ಕಾಫಿ ಹಾಗೇ ಇತ್ತು, ಕೆನೆ ಕಟ್ಟಿತ್ತು. ನನ್ನನ್ನು ಕೇಳಿದಳು:

“ಅಜ್ಜಿ, ನೀವು ಅವತ್ತು ಕೇಳಿದ್ರಂತಲ್ಲ, ಅಮ್ಮಾವ್ರು ಬೇಕಲ್ವಾ ಅಂತ. ಆ ಹೊಲಿಯೋ ಅಕ್ಕ ಹೇಳಿದ್ಲು.”

“ಕೇಳ್ದೆ.”

“ಆಮೇಲೆ ಯಾಕೆ ಸುಮ್ನಾದ್ರಿ?”

ಉತ್ತರ ನನ್ನ ಹತ್ತಿರ ಇತ್ತು. ಹೇಳಲಿಲ್ಲ. “ಪುಸ್ತಕ ತೋರಿಸಿದ್ರು” ಅಂದೆ. ಭದ್ರಾವತಿ ಬಸ್ಸಿನಲ್ಲಿ ನನ್ನ ಪಕ್ಕ ಜಾಗವಿತ್ತು. ಅವಳು ಮುಂದೆ ಹೋಗಿ ನಿಂತುಕೊಂಡಳು.

ಹೊಸ ಸಮಿತಿ ಆಯಿತು. ಹೆರಿಗೆ ಮುಗಿಸಿಕೊಂಡು ಬಂದಿದ್ದ ಕ್ವಾಲಿಟಿ ಮೇಡಂ ನಡುವಿನ ಕುರ್ಚಿಗೆ ಬಂದರು. ಪುಸ್ತಕವನ್ನೂ ತಿದ್ದಿದರು. ಮತ್ತೆ ಅಚ್ಚು ಹಾಕಿಸುವುದು ಬೇಡ ಅಂತ ಹಳೇ ಪುಸ್ತಕದಲ್ಲೇ ಪೆನ್ನಿನಿಂದ ‘ಮಹಿಳಾ’ ಅಂತ ಸಾಲಿನ ಮೇಲೆ ಬರೆದು, ಪಕ್ಕದಲ್ಲಿ ನಾವು ಸಹಿ ಹಾಕಿದೆವು. ನಾನು ಈ ಸಲ ಪ್ರತಿ ಹಾಳೆ ಓದಿದೆ. ಎರಡು ದಿನ ಹಿಡಿಯಿತು. ಗುಮಾಸ್ತರು ನಾಲ್ಕು ಸಲ ಗಡಿಯಾರ ನೋಡಿದರು. ಹೆಂಗಸರು ಬಟ್ಟೆ ಬದಲಾಯಿಸುವ ಕೋಣೆಯ ಸಾಲೂ ಹೆಂಗಸರಿಲ್ಲದೆ ಹಾಗೇ ಇತ್ತು. ಅದನ್ನೂ ತಿದ್ದಿಸಿದೆ.

ಅಷ್ಟರಲ್ಲಿ ಅವನು ವಾಪಸ್ ಬಂದಿದ್ದ. ಎದೆ ಸೆಟೆದುಕೊಂಡೇನೂ ಬರಲಿಲ್ಲ. ತಲೆ ತಗ್ಗಿಸಿಕೊಂಡು ಬಂದು, ಕೆಲಸ ಮಾಡಿಕೊಂಡು ಹೋಗುತ್ತಿದ್ದ. ಫ್ಲೋರಿನಲ್ಲಿ ಮಾತು ಮಾತ್ರ ತಿರುಗಿತು. ಕೋರ್ಟೇ ಬಿಟ್ಟಿದೆಯಂತೆ ಅಂದರು. ಅದು ಕೋರ್ಟಲ್ಲ, ಬಿಟ್ಟೂ ಇಲ್ಲ ಅಂತ ನಾನು ಒಬ್ಬೊಬ್ಬರಿಗೆ ಹೇಳಿದೆ. ಕುರ್ಚಿ ತಪ್ಪಾಗಿತ್ತು ಅಂದರೆ ಯಾರಿಗೆ ಅರ್ಥವಾಗುತ್ತದೆ? ಇಸ್ತ್ರಿಯವನು ಅಂದ: “ಏನೋ ಅಜ್ಜಿ, ಬೆಂಕಿ ಇಲ್ದೆ ಹೊಗೆ ಬಂದಿರ್ಬೇಕು ಬಿಡಿ.” ಅವನ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನೇ ಕಿತ್ತು ಹೊಡೆಯೋಣ ಅನ್ನಿಸಿತು.

ಹುಡುಗಿ ರಜೆಯ ಮೇಲಿದ್ದಳು. ವಿಚಾರಣೆ ನಡೆಯುವಾಗ ಕೇಳಿದರೆ ಮೂರು ತಿಂಗಳ ತನಕ ಕೊಡಬೇಕು, ಕೊಟ್ಟಿದ್ದರು. ಮೊದಲ ಸಿಟ್ಟಿಂಗಿಗೆ ಬರಲಿಲ್ಲ. ಎರಡನೆಯದಕ್ಕೂ ಬರಲಿಲ್ಲ. ಸರಿಯಾದ ಕಾರಣವಿಲ್ಲದೆ ಮೂರು ಸಲ ಒಂದರ ಮೇಲೊಂದು ಬರದಿದ್ದರೆ ಮುಚ್ಚಿಬಿಡಬಹುದಂತೆ. ಅದಕ್ಕೆ ಮೊದಲು ಹದಿನೈದು ದಿನದ ನೋಟಿಸು ಕೊಡಬೇಕು. ಅಂಚೆಯಲ್ಲಿ ಹಾಕುತ್ತೇವೆ ಅಂದರು. ನಾನೇ ಒಯ್ಯುತ್ತೇನೆ ಅಂದೆ.

ಅವರ ಮನೆ ಹಳೇ ಕ್ವಾರ್ಟರ್ಸಿನ ಸಾಲಿನ ಕೊನೆಗೆ. ತಾಯಿ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಕಂಡು ಮೊರ ಎತ್ತಿಕೊಂಡು ಒಳಗೆ ಹೋದಳು. ಹುಡುಗಿ ಹೊರಗೆ ಬಂದಳು. ತೆಳ್ಳಗಾಗಿದ್ದಳು. ನೋಟಿಸು ಕೊಟ್ಟೆ. ಓದಿದಳು.

“ಈಗ ಮೇಡಂ ಇದಾರೆ ಕಣೆ ನಡುವೆ. ಹೆಂಗಸು. ಅವ್ರ ಮುಂದೆ ಹೇಳೋದು ಅಷ್ಟು ಕಷ್ಟ ಆಗಲ್ಲ.”

“ಅದೇ ಮೊದ್ಲೇ ಇದ್ದಿದ್ರೆ ಆಗ್ತಿರ್ಲಿಲ್ಲ” ಅಂದಳು.

“ಬಾರೆ. ಬರ್ದೇ ಇದ್ರೆ ಮುಚ್ತಾರೆ.”

“ಅಜ್ಜಿ, ಆರು ಸಲ ಬರ್ದೆ. ಒಂದ್ಸಲ ಹೇಳ್ದೆ. ಅವತ್ತಿಂದ ಮರೀತಾ ಇದೀನಿ. ಅರ್ಧ ಮರ್ತಿದೀನಿ. ಈಗ ಬಂದು ಪೂರ್ತಿ ನೆನಪು ಮಾಡ್ಕೊಂಡು ಹೇಳಿ, ಎಲ್ಲಾದ್ರೂ ಒಂದು ಮಾತು ಹೆಚ್ಚುಕಮ್ಮಿ ಆದ್ರೆ ಅವನ ವಕೀಲ ಏನಂತಾನೆ? ಅವತ್ತು ಹಂಗಂದೆ, ಇವತ್ತು ಹಿಂಗಂತೀಯ ಅಂತಾನೆ.” ನೋಟಿಸನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ಕೊಟ್ಟಳು. “ತಲುಪಿದೆ ಅಂತ ಹೇಳಿ. ಸಹಿ ಬೇಕಾ?”

ಬೇಕಿತ್ತು. ಹಾಕಿದಳು. ಅದೇ ದುಂಡು ಅಕ್ಷರ.

ಮೂರನೇ ಸಿಟ್ಟಿಂಗಿನ ದಿನ ಹನ್ನೊಂದು ಗಂಟೆಯಿಂದ ಕೂತೆವು. ದೂರು ಕೊಟ್ಟವರ ಕುರ್ಚಿ ಖಾಲಿ ಇತ್ತು, ಮುಂದೆ ನೀರಿನ ಲೋಟ ಇಟ್ಟಿದ್ದರು. ಒಂದು ಗಂಟೆಗೆ ಕ್ವಾಲಿಟಿ ಮೇಡಂ ಗಡಿಯಾರ ನೋಡಿದರು. ಗುಮಾಸ್ತರು ಮೊದಲೇ ಟೈಪು ಮಾಡಿಟ್ಟಿದ್ದ ಹಾಳೆ ತಂದರು. ‘ದೂರುದಾರರು ಸತತ ಮೂರು ಬಾರಿ ಗೈರುಹಾಜರಾದ ಕಾರಣ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ.’

ನಾನು ಪೂರ್ತಿ ಓದಿದೆ. ಒಂದು ತಪ್ಪೂ ಇರಲಿಲ್ಲ ಅದರಲ್ಲಿ. ದೂರುದಾರರು. ಗಂಡೂ ಅಲ್ಲ ಹೆಣ್ಣೂ ಅಲ್ಲ, ಯಾರನ್ನೂ ನೋಯಿಸದ ಪದ. ಅದನ್ನು ಓದಿದವರಿಗೆ ಅಲ್ಲೊಬ್ಬಳು ಹುಡುಗಿ ಇದ್ದಳು ಅಂತ ತಿಳಿಯುವುದಿಲ್ಲ, ನಾವು ಏನು ಮಾಡಿದೆವು ಅಂತಲೂ ತಿಳಿಯುವುದಿಲ್ಲ.

“ಮೊದಲ್ನೇ ವಿಚಾರಣೆ ಯಾಕೆ ಬಿತ್ತು ಅಂತ ಬರೀರಿ ಇದ್ರಲ್ಲಿ” ಅಂದೆ.

ಗುಮಾಸ್ತರು, “ಅದು ಇದಕ್ಕೆ ಬರಲ್ಲಮ್ಮ. ಸಹಿ ಹಾಕು. ಊಟದ ಹೊತ್ತಾಯ್ತು” ಅಂದರು.

ಪೆನ್ನು ತೆಗೆದುಕೊಂಡೆ. ಸಹಿ ಹಾಕುವ ಜಾಗದ ಮೇಲೆ ಬರೆಯತೊಡಗಿದೆ. ನಿಧಾನ ನನ್ನದು. ‘ಈ ಹುಡುಗಿ ಒಂದು ಸಲ ಹೇಳಿದಾಳೆ. ನಾನು ಕೇಳಿದೀನಿ. ಕುರ್ಚಿ ತಪ್ಪು ಅಂತ ನನಗೆ ಗೊತ್ತಿತ್ತು, ಸುಮ್ಮನಿದ್ದೆ.’ ಕೆಳಗೆ ಸಹಿ ಹಾಕಿದೆ. ಗುಮಾಸ್ತರು ಹಾಳೆ ಕೆಟ್ಟಿತು, ಬೇರೆ ತೆಗೆಯುತ್ತೇನೆ ಅಂತ ಎದ್ದರು. ಕ್ವಾಲಿಟಿ ಮೇಡಂ ಬೇಡ ಅಂದರು. ಅದರ ಕೆಳಗೇ ಅವರೂ ಸಹಿ ಹಾಕಿದರು. ಅಷ್ಟೇ. ಪ್ರಕರಣ ಮುಚ್ಚಿತು.

ಅದರಿಂದ ಏನೂ ಆಗಲಿಲ್ಲ. ಅವನು ಈಗಲೂ ಅಲ್ಲೇ ಇದ್ದಾನೆ ಅಂತ ಕೇಳಿದ್ದೇನೆ. ನಾನು ಮುಂದಿನ ವರ್ಷ ಕೆಲಸ ಬಿಟ್ಟೆ, ಮಂಡಿ ನೋವು. ಬಿಡುವ ಹೊತ್ತಿಗೆ ಗೋಡೆಯ ಮೇಲೆ ಎರಡೂ ಹಾಳೆ ಇದ್ದವು. ಮೊದಲನೆಯದು ಬಿಸಿಲಿಗೆ ಹಳದಿಯಾಗಿತ್ತು, ಎರಡನೆಯದು ಇನ್ನೂ ಬೆಳ್ಳಗಿತ್ತು.

ಹುಡುಗಿ ಆ ಫ್ಯಾಕ್ಟರಿಗೆ ಮತ್ತೆ ಹೋಗಲಿಲ್ಲ. ಒಮ್ಮೆ ಭದ್ರಾವತಿಯ ಬಸ್‌ಸ್ಟ್ಯಾಂಡಿನಲ್ಲಿ ಕಂಡಳು. ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ ಇತ್ತು. ನನ್ನನ್ನು ನೋಡಿದಳು. ಕರೆಯೋಣ ಅಂದುಕೊಂಡೆ. ಏನಂತ ಕರೆಯುವುದು, ಕರೆದು ಏನು ಹೇಳುವುದು ಅಂತ ಗೊತ್ತಾಗಲಿಲ್ಲ. ಶಿವಮೊಗ್ಗದ ಬಸ್ಸು ಬಂತು, ಇಬ್ಬರೂ ಕಾಯುತ್ತಿದ್ದದ್ದು ಅದಕ್ಕೇ. ಅವಳು ಹತ್ತಲಿಲ್ಲ. ನಾನು ಹತ್ತುತ್ತೇನೋ ಇಲ್ಲವೋ ಅಂತ ನೋಡುತ್ತಾ ನಿಂತಿದ್ದಳು. ನಾನು ಹತ್ತಿದೆ.